ನಲವತ್ತು ಮಳಿಗೆ, ಒಂದೇ ಪೆನ್ನು

ಕೆಲವು ವರ್ಷಗಳ ಹಿಂದಿನ ಮಾತು. ದ್ವಿತೀಯ ಪಿಯುಸಿ ಮಕ್ಕಳಿಗೆ ವ್ಯವಹಾರ ಅಧ್ಯಯನದಲ್ಲಿ ಸಂಘಟನೆಯ ಪಾಠ ಮುಗಿಸಿ ಹತ್ತು ಅಂಕದ ಕ್ವಿಜ್ ಇಟ್ಟಿದ್ದೆ. ಏಳನೇ ಪ್ರಶ್ನೆ ನಾನೇ ಹೊಸೆದದ್ದು. ಒಂದು ಸೀರೆ ಕಂಪನಿ. ಹನ್ನೆರಡು ಜಿಲ್ಲೆಗಳಲ್ಲಿ 40 ಮಳಿಗೆ. ಪ್ರತಿ ಮಳಿಗೆಗೂ ಒಬ್ಬ ಮ್ಯಾನೇಜರ್. ಯಾವ ಸೀರೆ ತರಿಸಬೇಕು, ಎಷ್ಟಕ್ಕೆ ಮಾರಬೇಕು, ಡಿಸ್ಕೌಂಟ್ ಯಾವಾಗ ಎನ್ನುವುದನ್ನು ಮುಖ್ಯ ಕಚೇರಿ ತಿಳಿಸುತ್ತದೆ. ಇದು ಕೇಂದ್ರೀಕರಣವೋ, ವಿಕೇಂದ್ರೀಕರಣವೋ? ನನ್ನ ಉತ್ತರ ಪಟ್ಟಿಯಲ್ಲಿ ‘ವಿಕೇಂದ್ರೀಕರಣ’ ಎಂದು ಬರೆದುಕೊಂಡಿದ್ದೆ. 40 ಮಳಿಗೆ ಇದೆಯಲ್ಲ, ಹರಡಿಕೊಂಡಿದೆಯಲ್ಲ ಎನ್ನುವುದಷ್ಟೇ ನನ್ನ ಲೆಕ್ಕ.

ಪೇಪರ್ ಹಿಂದಕ್ಕೆ ಕೊಟ್ಟ ದಿನ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಸರ್, ಆ ಮ್ಯಾನೇಜರ್ ಏನು ನಿರ್ಧಾರ ಮಾಡ್ತಾರೆ? ಬೆಳಗ್ಗೆ ಶಟರ್ ಎತ್ತೋದು ಬಿಟ್ಟು ಬೇರೇನೂ ಇಲ್ವಲ್ಲ ಸರ್.” ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಅವಳು ಹೇಳಿದ್ದೇ ಸರಿ. ಮಳಿಗೆಗಳು 40 ಇದ್ದರೂ ಸಹಿ ಹಾಕುವ ಪೆನ್ನು ಒಂದೇ. ಅಂಗಡಿಗಳು ಊರೂರಿಗೆ ಹರಡಿದ ಮಾತ್ರಕ್ಕೆ ಅಧಿಕಾರವೂ ಹರಡಿದೆ ಎನ್ನುವಂತಿಲ್ಲ. ಅವತ್ತು ಆ ಪ್ರಶ್ನೆಗೆ ಎಲ್ಲರಿಗೂ ಒಂದು ಅಂಕ ಕೊಟ್ಟು ಮುಗಿಸಿದೆ.

ಆಮೇಲೆ ಹಳೆಯ ಕ್ವಿಜ್‌ಗಳನ್ನೆಲ್ಲ ತೆಗೆದು ನೋಡಿದೆ. ಅರ್ಧಕ್ಕರ್ಧ ಪ್ರಶ್ನೆಗಳಲ್ಲಿ ಇದೇ ಎಡವಟ್ಟು. ದೊಡ್ಡ ಕಂಪನಿ ಬಂದರೆ ವಿಕೇಂದ್ರೀಕರಣ, ಒಬ್ಬ ಮಾಲೀಕರ ಹೆಸರು ಬಂದರೆ ಕೇಂದ್ರೀಕರಣ. ಕಂಪನಿಯ ವಿವರಣೆಯಲ್ಲಿ ಏನನ್ನು ಓದಬೇಕು ಎನ್ನುವುದನ್ನೇ ನಾನು ಕಲಿಸಿರಲಿಲ್ಲ. ಕಲಿಸುವುದಿರಲಿ, ನನಗೇ ಸ್ಪಷ್ಟವಿರಲಿಲ್ಲ.

ಈಗ ಮಾಡುವ ಮೊದಲ ಕೆಲಸ ತುಂಬಾ ಸರಳ. ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಗೆರೆ ಎಳೆಯುವುದು. ‘ನಿರ್ಧರಿಸುತ್ತಾರೆ’, ‘ಮಂಜೂರು ಮಾಡುತ್ತಾರೆ’, ‘ಆಯ್ಕೆ ಮಾಡುತ್ತಾರೆ’ ಎಂದಿದ್ದರೆ ಅಲ್ಲಿ ಅಧಿಕಾರ ಇದೆ. ‘ಜಾರಿ ಮಾಡುತ್ತಾರೆ’, ‘ವರದಿ ಕಳಿಸುತ್ತಾರೆ’, ‘ಸಲಹೆ ಕೊಡುತ್ತಾರೆ’ ಎಂದಿದ್ದರೆ ಅಲ್ಲಿ ಕೆಲಸ ಇದೆ, ಅಧಿಕಾರ ಇಲ್ಲ. ಮಕ್ಕಳು ಜಾಸ್ತಿ ಜಾರುವುದು ‘ಸಲಹೆ’ಯಲ್ಲಿ. ‘ನೌಕರರ ಅಭಿಪ್ರಾಯ ಕೇಳಿ ಆಡಳಿತ ಮಂಡಳಿ ತೀರ್ಮಾನಿಸುತ್ತದೆ’ ಎಂಬ ವಾಕ್ಯ ನೋಡಿದ ತಕ್ಷಣ ವಿಕೇಂದ್ರೀಕರಣಕ್ಕೆ ಟಿಕ್ ಹಾಕುತ್ತಾರೆ. ಕೇಳಿದ್ದು ನಿಜ, ತೀರ್ಮಾನಿಸಿದ್ದು ಯಾರು? ಮಂಡಳಿ ತಾನೇ?

ಗೆರೆ ಎಳೆದ ಮೇಲೆ ಉಳಿಯುವುದು ನಿರ್ಧಾರದ ವಾಕ್ಯಗಳು ಮಾತ್ರ. ಅವನ್ನು ಅಳೆಯುವುದಕ್ಕೆ ಅಮೆರಿಕದ ನಿರ್ವಹಣಾ ತಜ್ಞ ಅರ್ನೆಸ್ಟ್ ಡೇಲ್ 1952ರಲ್ಲೇ ಕೊಟ್ಟ ನಾಲ್ಕು ಅಳತೆಗಳು ಇವತ್ತಿಗೂ ಸಾಕು. ಕೆಳಗಿನ ಹಂತದಲ್ಲಿ ಎಷ್ಟು ನಿರ್ಧಾರ ಆಗುತ್ತವೆ? ಅವು ಎಷ್ಟು ಮುಖ್ಯವಾದವು? ಎಷ್ಟು ವಿಭಾಗಗಳನ್ನು ಮುಟ್ಟುತ್ತವೆ? ಅವುಗಳ ಮೇಲೆ ಮೇಲಿನವರ ತಪಾಸಣೆ ಎಷ್ಟು? ಮೊದಲ ಮೂರು ಜಾಸ್ತಿ ಇದ್ದು ನಾಲ್ಕನೆಯದು ಕಡಿಮೆ ಇದ್ದರೆ ವಿಕೇಂದ್ರೀಕರಣ ಜಾಸ್ತಿ.

ನಾಲ್ಕನೆಯದನ್ನು ನಮ್ಮ ಕ್ಲಾಸಿನಲ್ಲಿ ‘ಕೇಳಿ ಮಾಡು, ಮಾಡಿ ಹೇಳು, ಸುಮ್ನೆ ಮಾಡು’ ಎಂದು ಕರೆಯುತ್ತೇವೆ. ಮುಂಚೆಯೇ ಒಪ್ಪಿಗೆ ಬೇಕು ಅಂದರೆ ಕೇಳಿ ಮಾಡು, ಅಧಿಕಾರ ಬಹುಪಾಲು ಮೇಲೆಯೇ ಇದೆ. ಮಾಡಿದ ಮೇಲೆ ತಿಳಿಸಿದರೆ ಸಾಕು ಅಂದರೆ ಮಾಡಿ ಹೇಳು, ಅಧಿಕಾರ ಕೆಳಕ್ಕೆ ಇಳಿದಿದೆ. ತಿಳಿಸುವುದೂ ಬೇಡ ಅಂದರೆ ಸುಮ್ನೆ ಮಾಡು. ವಿವರಣೆಯಲ್ಲಿ ‘ಪೂರ್ವಾನುಮತಿ’ ಎಂಬ ಒಂದು ಪದ ಕಂಡರೆ ಸಾಕು, ಅದರ ಹಿಂದಿನ ಅರ್ಧ ಪ್ಯಾರಾದ ಬಣ್ಣವೇ ಬದಲಾಗುತ್ತದೆ.

ಈಗ ನಾನು ಕ್ಲಾಸಿನಲ್ಲಿ ಬಿಡಿಸಿ ತೋರಿಸುವ ಒಂದು ಪ್ರಶ್ನೆ ಹೇಳುತ್ತೇನೆ. ಕಂಪನಿ ಕಾಲ್ಪನಿಕ.

‘ಮೈಸೂರಿನ ಒಂದು ಬೇಕರಿ ಕಂಪನಿಗೆ 28 ಅಂಗಡಿಗಳಿವೆ. ದಿನಕ್ಕೆ ಎಷ್ಟು ಬ್ರೆಡ್ಡು, ಎಷ್ಟು ಬನ್ನು ಸುಡಬೇಕು ಎನ್ನುವುದನ್ನು ಅಂಗಡಿಯ ಮ್ಯಾನೇಜರ್ ನಿರ್ಧರಿಸುತ್ತಾರೆ. ಸಹಾಯಕರನ್ನು ಅವರೇ ನೇಮಿಸಿಕೊಳ್ಳುತ್ತಾರೆ. 5,000 ರೂಪಾಯಿಯವರೆಗಿನ ರಿಪೇರಿ ಮಾಡಿಸಿ ತಿಂಗಳ ಕೊನೆಗೆ ಲೆಕ್ಕ ಕಳಿಸುತ್ತಾರೆ. ಏನೇನು ಮಾರಬೇಕು, ಬೆಲೆ ಎಷ್ಟು, ಮೈದಾ ಯಾರಿಂದ ಕೊಳ್ಳಬೇಕು, ಹೊಸ ಅಂಗಡಿ ಎಲ್ಲಿ ಎನ್ನುವುದನ್ನು ಮಾಲೀಕರು ತೀರ್ಮಾನಿಸುತ್ತಾರೆ.’

ಆಯ್ಕೆಗಳು ಹೀಗಿವೆ. ಅ: 28 ಅಂಗಡಿ ಇರುವುದರಿಂದ ತುಂಬಾ ವಿಕೇಂದ್ರೀಕೃತ. ಆ: ಬೆಲೆ ಮಾಲೀಕರ ಕೈಯಲ್ಲಿರುವುದರಿಂದ ಸಂಪೂರ್ಣ ಕೇಂದ್ರೀಕೃತ. ಇ: ಬಹುಪಾಲು ಕೇಂದ್ರೀಕೃತ, ದಿನನಿತ್ಯದ ಕೆಲಸದಲ್ಲಿ ಮಾತ್ರ ವಿಕೇಂದ್ರೀಕರಣ. ಈ: ನಿರ್ಧಾರಗಳ ಸಂಖ್ಯೆ ಅಂಗಡಿಯಲ್ಲೇ ಜಾಸ್ತಿ ಆದ್ದರಿಂದ ಬಹುಪಾಲು ವಿಕೇಂದ್ರೀಕೃತ.

‘ಅ’ ನನ್ನ ಹಳೆಯ ತಪ್ಪೇ, ಸೀರೆ ಬಿಟ್ಟು ಬನ್ನು ಹಿಡಿದಿದೆ ಅಷ್ಟೇ. ‘ಆ’ ಹೋಗುವುದು ‘ಸಂಪೂರ್ಣ’ ಎನ್ನುವ ಪದಕ್ಕೆ. ಮ್ಯಾನೇಜರ್ ಜನರನ್ನು ನೇಮಿಸುತ್ತಾರೆ ಎಂದು ವಿವರಣೆಯೇ ಹೇಳುವಾಗ ಸಂಪೂರ್ಣ ಎನ್ನಲು ಬರುವುದಿಲ್ಲ. ಇದು ಪ್ರಮಾಣದ ಪ್ರಶ್ನೆ ಎಂದು ಫ್ರಾನ್ಸಿನ ನಿರ್ವಹಣಾ ಚಿಂತಕ ಹೆನ್ರಿ ಫಯೋಲ್ 1916ರಲ್ಲೇ ಹೇಳಿದ್ದರು. ಯಾವ ಕಂಪನಿಯೂ ನೂರಕ್ಕೆ ನೂರು ಆ ತುದಿಯಲ್ಲೋ ಈ ತುದಿಯಲ್ಲೋ ನಿಲ್ಲುವುದಿಲ್ಲ. ಹಾಗಂತ ‘ಸಂಪೂರ್ಣ’ ಕಂಡ ತಕ್ಷಣ ಕಣ್ಣುಮುಚ್ಚಿ ಹೊಡೆದುಹಾಕಬೇಡಿ ಎಂದೂ ಹೇಳುತ್ತೇನೆ. ಪ್ರಶ್ನೆ ಬರೆದವರು ನಾನು ಬರೆದ ಹಾಗೆ ಅಜಾಗರೂಕವಾಗಿಯೂ ಬರೆದಿರಬಹುದು. ಉಳಿದ ಮೂರೂ ಆಯ್ಕೆಗಳು ವಿವರಣೆಗೆ ಎದುರಾಗಿದ್ದರೆ ಅದೇ ಉತ್ತರ.

ನಿಜವಾದ ಜಗಳ ಇರುವುದು ‘ಇ’ ಮತ್ತು ‘ಈ’ ನಡುವೆ. ‘ಈ’ ಹೇಳುವುದರಲ್ಲಿ ಒಂದು ಸತ್ಯ ಇದೆ. ಬ್ರೆಡ್ಡಿನ ಲೆಕ್ಕ ದಿನಾ ಹಾಕಬೇಕು. ಹೊಸ ಅಂಗಡಿಯ ಯೋಚನೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಎಣಿಸುತ್ತಾ ಕೂತರೆ ಕೆಳಗಿನ ಹಂತವೇ ಗೆಲ್ಲುತ್ತದೆ. ಆದರೆ ಎರಡನೇ ಅಳತೆ ಹಿಡಿದು ನೋಡಿ. ಇವತ್ತು ಇಪ್ಪತ್ತು ಬನ್ನು ಜಾಸ್ತಿ ಸುಟ್ಟರೆ ಸಂಜೆಗೆ ಗೊತ್ತಾಗುತ್ತದೆ, ನಾಳೆ ಸರಿಹೋಗುತ್ತದೆ. ಬೆಲೆ ತಪ್ಪಿದರೆ 28 ಅಂಗಡಿಗೂ ಪೆಟ್ಟು. ಮೂರನೇ ಅಳತೆಯಲ್ಲಿ ತಯಾರಿಕೆ, ಸಣ್ಣ ನೇಮಕಾತಿ, ರಿಪೇರಿ ಕೆಳಗೆ ಬಂದಿವೆ. ಬೆಲೆ, ಖರೀದಿ, ವಿಸ್ತರಣೆ ಮೇಲೆ ಉಳಿದಿವೆ. ನಾಲ್ಕನೆಯದು ಮ್ಯಾನೇಜರ್ ಪರ, ಯಾಕೆಂದರೆ ರಿಪೇರಿಗೆ ‘ಮಾಡಿ ಹೇಳು’ ನಿಯಮ. ಅದೂ 5,000ದ ಬೇಲಿಯೊಳಗೆ. ಹಾಗಾಗಿ ಉತ್ತರ ‘ಇ’. ಸಂಖ್ಯೆ ಒಂದು ಕಡೆಗೂ ಮಹತ್ವ ಇನ್ನೊಂದು ಕಡೆಗೂ ಎಳೆದರೆ ನಾನು ಮಹತ್ವದ ಕಡೆ ಹೋಗುತ್ತೇನೆ. ಡೇಲ್ ಹಾಗೆ ಕ್ರಮ ಹಾಕಿಕೊಟ್ಟಿಲ್ಲ, ಇದು ನನ್ನ ತೀರ್ಪು.

ಇಷ್ಟಾದ ಮೇಲೆ ಒಂದು ಆಟ ಆಡಿಸುತ್ತೇನೆ. ವಿವರಣೆಯಲ್ಲಿ ಒಂದೇ ಒಂದು ವಾಕ್ಯ ಬದಲಿಸುವುದು, ಉತ್ತರ ಅಲುಗುತ್ತದಾ ನೋಡುವುದು. 5,000ವನ್ನು 8,000 ಮಾಡಿದರೆ? ಅಲುಗುವುದಿಲ್ಲ. ಅಂಗಡಿ 28ರ ಬದಲು 280 ಆದರೆ? ಏನೂ ಆಗುವುದಿಲ್ಲ, ಆದರೂ ಪ್ರತಿ ವರ್ಷ ನಾಲ್ಕೈದು ಕೈ ಮೇಲೇಳುತ್ತವೆ. ‘ಬಡಾವಣೆ ನೋಡಿ ಮ್ಯಾನೇಜರೇ ಬೆಲೆ ಇಡುತ್ತಾರೆ, ಮೈದಾವನ್ನೂ ತಮಗೆ ಬೇಕಾದ ಕಡೆ ಕೊಳ್ಳುತ್ತಾರೆ’ ಎಂದು ಬರೆದರೆ? ಆಗ ಮುಳ್ಳು ಸರಕ್ಕನೆ ವಿಕೇಂದ್ರೀಕರಣದ ಕಡೆ ವಾಲುತ್ತದೆ. ಯಾವ ವಾಕ್ಯಕ್ಕೆ ತೂಕ ಇದೆ, ಯಾವುದು ಬರೀ ಅಲಂಕಾರ ಎನ್ನುವುದು ನನ್ನ ಅರ್ಧ ಗಂಟೆಯ ಭಾಷಣಕ್ಕಿಂತ ಇದರಲ್ಲಿ ಬೇಗ ಗೊತ್ತಾಗುತ್ತದೆ.

ಈ ಆಟದಲ್ಲೇ ಒಬ್ಬ ಹುಡುಗ ನನಗೆ ಹೊಸ ವಿಷಯ ಹೇಳಿಕೊಟ್ಟ. ಅವನ ಅಣ್ಣ ಒಂದು ಫೈನಾನ್ಸ್ ಕಂಪನಿಯ ಶಾಖೆಯಲ್ಲಿ ಕೆಲಸ ಮಾಡುತ್ತಾನೆ. “ಸರ್, ಸಾಲ ಮಂಜೂರು ಮಾಡೋದು ಬ್ರ್ಯಾಂಚ್ ಮ್ಯಾನೇಜರೇ. ಆದ್ರೆ ಕಂಪ್ಯೂಟರ್‌ನಲ್ಲಿ ಸ್ಕೋರ್ ಕಮ್ಮಿ ಬಂದ್ರೆ ಕೊಡೋ ಹಾಗಿಲ್ಲ, ಜಾಸ್ತಿ ಬಂದ್ರೆ ಬೇಡ ಅನ್ನೋ ಹಾಗಿಲ್ಲ. ಇದು ಯಾವುದು ಸರ್?” ಸ್ಕೋರ್ ಎಷ್ಟಿರಬೇಕು ಎಂದು ಗೊತ್ತುಮಾಡಿದ್ದು ಮುಖ್ಯ ಕಚೇರಿ. ಅಂದರೆ ಆ ನಿರ್ಧಾರ ಅಲ್ಲೇ, ಮುಂಚೆಯೇ ಆಗಿಹೋಗಿದೆ. ಮ್ಯಾನೇಜರ್ ಹಾಕುವುದು ಸಹಿ ಮಾತ್ರ. ಅವತ್ತಿನಿಂದ ‘ನಿರ್ಧರಿಸುತ್ತಾರೆ’ಗೆ ಗೆರೆ ಎಳೆದ ಮೇಲೂ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಅದೇ ಕುರ್ಚಿಯಲ್ಲಿ ಬೇರೊಬ್ಬರು ಕೂತರೆ ಉತ್ತರ ಬೇರೆ ಆಗಬಹುದಾ? ಆಗುವುದಿಲ್ಲ ಎಂದರೆ ಅಲ್ಲಿ ಇರುವುದು ನಿಯಮ, ಅಧಿಕಾರವಲ್ಲ.

ನಿಜವಾದ ಕಂಪನಿ ಬೇಕೆಂದಾಗ ನಾನು ಜನರಲ್ ಮೋಟಾರ್ಸ್ ಕಥೆ ಹೇಳುತ್ತೇನೆ. ಆಲ್‌ಫ್ರೆಡ್ ಸ್ಲೋನ್ 1923ರಲ್ಲಿ ಅದರ ಅಧ್ಯಕ್ಷರಾದರು. ಶೆವರ್ಲೆ, ಬ್ಯೂಕ್, ಕ್ಯಾಡಿಲ್ಯಾಕ್ ಹೀಗೆ ಬೇರೆ ಬೇರೆ ವಿಭಾಗಗಳು. ಪ್ರತಿಯೊಂದಕ್ಕೂ ತನ್ನದೇ ಮುಖ್ಯಸ್ಥರು, ತನ್ನದೇ ತಯಾರಿಕೆ, ತನ್ನದೇ ಮಾರಾಟ. ಇಷ್ಟು ಓದಿ ಮಕ್ಕಳು ‘ವಿಕೇಂದ್ರೀಕೃತ’ ಎಂದು ಪೆನ್ನು ಕೆಳಗಿಡುತ್ತಾರೆ. ಉಳಿದರ್ಧ ಇನ್ನೂ ಇದೆ. ಮೊದಲು ಪ್ರತಿ ವಿಭಾಗವೂ ತನ್ನ ಹಣವನ್ನು ತಾನೇ ಇಟ್ಟುಕೊಳ್ಳುತ್ತಿತ್ತು. 1920ರ ಕೊನೆಗೆ ಕಾರು ಮಾರಾಟ ಕುಸಿದು, ತರಿಸಿಟ್ಟ ಸಾಮಾನು ಗೋದಾಮಿನಲ್ಲೇ ಕೊಳೆಯತೊಡಗಿದ ಮೇಲೆ ಹಣ, ದಾಸ್ತಾನು, ಬಂಡವಾಳದ ಖರ್ಚು ಇವುಗಳ ಹಿಡಿತ ಕೇಂದ್ರಕ್ಕೆ ಹೋಯಿತು. ಯಾವ ವಿಭಾಗ ಯಾವ ಬೆಲೆಯ ಶ್ರೇಣಿಯಲ್ಲಿ ಕಾರು ಮಾಡಬೇಕು ಎನ್ನುವುದೂ ಕೇಂದ್ರದ್ದೇ ತೀರ್ಮಾನ. ಅಗ್ಗದ ತುದಿಯಲ್ಲಿ ಶೆವರ್ಲೆ, ದುಬಾರಿ ತುದಿಯಲ್ಲಿ ಕ್ಯಾಡಿಲ್ಯಾಕ್. ಹಾಗಾಗಿ ಸರಿಯಾದ ಆಯ್ಕೆ ‘ಕಾರ್ಯಾಚರಣೆ ವಿಕೇಂದ್ರೀಕೃತ, ಹಣ ಮತ್ತು ನೀತಿಯ ಹಿಡಿತ ಕೇಂದ್ರೀಕೃತ’. ಇಂಥ ಉದ್ದದ ಆಯ್ಕೆಯನ್ನು ‘ಎರಡೂ ಕಡೆ ಕಾಲಿಟ್ಟ ಜಾಣತನ’ ಎಂದು ಬಿಡುವ ಮಕ್ಕಳಿದ್ದಾರೆ. ಆದರೆ ವಿವರಣೆ ಎರಡು ಬೇರೆ ವಿಷಯಗಳಲ್ಲಿ ಎರಡು ಬೇರೆ ಉತ್ತರ ಕೊಡುತ್ತಿದ್ದರೆ ಆಯ್ಕೆಯೂ ಹಾಗೇ ಇರಬೇಕಲ್ವಾ?

ಇನ್ನೊಂದು ಗುಂಡಿ ಡೆಲಿಗೇಶನ್‌ನದು. ಒಬ್ಬ ಮ್ಯಾನೇಜರ್ ತನ್ನ ಕೆಳಗಿನ ಒಬ್ಬರಿಗೆ ಒಂದು ಕೆಲಸದ ಅಧಿಕಾರ ಕೊಟ್ಟರೆ ಅದು ಡೆಲಿಗೇಶನ್. ಅದೇ ಕಂಪನಿಯ ನೀತಿಯಾಗಿ ಕೆಳಗಿನ ಹಂತಗಳಿಗೆಲ್ಲ ಇಳಿದರೆ ವಿಕೇಂದ್ರೀಕರಣ. ವಿವರಣೆಯಲ್ಲಿ ‘ಒಬ್ಬ’ ಇದೆಯೋ ‘ಎಲ್ಲಾ’ ಇದೆಯೋ ನೋಡಿದರೆ ಬಹಳ ಸಲ ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಅಂಕದ ಪ್ರಶ್ನೆಯಾಗಿ ನಾನು ಕೊಡದೇ ಇರುವುದು ಫ್ರಾಂಚೈಸಿಯನ್ನು. ಅಂಗಡಿ ಹಾಕಿದವರು, ಬಂಡವಾಳ ಹೂಡಿದವರು, ನಷ್ಟ ಹೊರುವವರು ಸ್ಥಳೀಯ ಮಾಲೀಕರು. ಮೆನು, ಬೋರ್ಡಿನ ಬಣ್ಣ, ಎಣ್ಣೆ ಎಷ್ಟು ಹೊತ್ತಿಗೆ ಬದಲಿಸಬೇಕು ಎನ್ನುವುದು ಬ್ರ್ಯಾಂಡ್ ಕಂಪನಿಯದು. ಅವರು ಕಂಪನಿಯ ಕೆಳಗಿನ ಹಂತವಾ, ಅಥವಾ ಬೇರೆಯೇ ಕಂಪನಿಯಾ? ಇದನ್ನು ಐದು ಅಂಕಕ್ಕೆ ಬರೆಯಲು ಕೊಡುತ್ತೇನೆ. ಎರಡನೇ ಬೆಂಚಿನಿಂದ ಯಾರಾದರೂ ಎದ್ದು ನಿಂತರೂ ಮಾತಾಡಲು ಜಾಗ ಇರುತ್ತದೆ.