ಸೇತುವೆ ದಾಟುವ ಒಗಟು, ಪರೀಕ್ಷೆಯ ವೇಳಾಪಟ್ಟಿ: ಎರಡಕ್ಕೂ ಸಾಕು ಚುಕ್ಕಿ ಮತ್ತು ಗೆರೆ

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಸಲ ಸಿಗುತ್ತದೆ. ಹೊಳೆ ಅಲ್ಲಿ ಎರಡು ಕವಲಾಗಿ, ಊರನ್ನು ಸುತ್ತಿಕೊಂಡು ಹೋಗಿ, ಸಂಗಮದ ಹತ್ತಿರ ಮತ್ತೆ ಒಂದಾಗುತ್ತದೆ. ಹಾಗಾಗಿ ಊರು ಒಂದು ದ್ವೀಪ. ಉತ್ತರದ ಕವಲಿನ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯನ್ನು ನೀವು ನೋಡಿರಬಹುದು.

ಈಗ ಒಂದು ಒಗಟು. ಲೆಕ್ಕಕ್ಕೆ ಸುಮ್ನೆ ಹೀಗೆ ಇಟ್ಟುಕೊಳ್ಳಿ: ಉತ್ತರದ ದಡದಿಂದ ದ್ವೀಪಕ್ಕೆ 3 ಸೇತುವೆ, ದ್ವೀಪದಿಂದ ದಕ್ಷಿಣದ ದಡಕ್ಕೆ 2 ಸೇತುವೆ. ಐದೂ ಸೇತುವೆಗಳ ಮೇಲೆ ನಡೆಯಬೇಕು, ಆದರೆ ಒಂದೊಂದನ್ನೂ ಒಂದೇ ಸಲ ದಾಟಬೇಕು. ಆಗುತ್ತಾ? ಎಲ್ಲಿಂದ ಹೊರಡಬೇಕು?

ಮೊದಲು ಚಿತ್ರ ಬರೆಯಿರಿ

ಹೊಳೆ ಎಷ್ಟು ಅಗಲ, ಸೇತುವೆ ಎಷ್ಟು ಉದ್ದ, ದಾರಿ ಎಲ್ಲಿ ಬಳಸುತ್ತದೆ, ಇದ್ಯಾವುದೂ ಬೇಡ. ಒಂದೊಂದು ನೆಲಕ್ಕೆ ಒಂದು ಚುಕ್ಕಿ ಇಡಿ, ಒಂದೊಂದು ಸೇತುವೆಗೆ ಒಂದು ಗೆರೆ ಎಳೆಯಿರಿ, ಥೇಟ್ ಬಾಗಿಲ ಮುಂದೆ ರಂಗೋಲಿ ಬಿಟ್ಟಂತೆ. ಮೇಲೆ ಉತ್ತರದ ಚುಕ್ಕಿ, ನಡುವೆ ದ್ವೀಪ, ಕೆಳಗೆ ದಕ್ಷಿಣ. ಮೇಲಿನಿಂದ ನಡುವಿಗೆ ಮೂರು ಗೆರೆ, ನಡುವಿನಿಂದ ಕೆಳಕ್ಕೆ ಎರಡು. ಗಣಿತದಲ್ಲಿ ಗ್ರಾಫ್ ಅನ್ನುವುದು ಇದನ್ನೇ. ಶಾಲೆಯಲ್ಲಿ ಚೌಕದ ಹಾಳೆಯ ಮೇಲೆ ಎಳೆದ ಗ್ರಾಫಿಗೂ ಇದಕ್ಕೂ ಸಂಬಂಧವಿಲ್ಲ.

ಆಮೇಲೆ ಪ್ರತಿ ಚುಕ್ಕಿಯ ಪಕ್ಕ ಅದಕ್ಕೆ ತಗಲುವ ಗೆರೆಗಳು ಎಷ್ಟು ಎಂದು ಬರೆಯಿರಿ. ಉತ್ತರಕ್ಕೆ 3, ದ್ವೀಪಕ್ಕೆ 5, ದಕ್ಷಿಣಕ್ಕೆ 2. ಈ ಸಂಖ್ಯೆಗೆ ಡಿಗ್ರಿ ಎನ್ನುತ್ತಾರೆ. ಎಣಿಸಿದ್ದು ಸರಿಯೇ ಎಂದು ನೋಡಲು ಒಂದು ದಾರಿಯಿದೆ. ಎಲ್ಲ ಡಿಗ್ರಿ ಕೂಡಿದರೆ 10, ಸೇತುವೆ 5, ಅಂದರೆ ಸರಿಯಾಗಿ ಎರಡರಷ್ಟು. ಪ್ರತಿ ಗೆರೆಗೂ ಎರಡು ತುದಿ ಇರುವುದರಿಂದ ಅದು ಎರಡು ಕಡೆ ಎಣಿಕೆಗೆ ಬರುತ್ತದೆ, ಅಲ್ವಾ? ಹಾಗಾಗಿ ಮೊತ್ತ ಯಾವಾಗಲೂ ಸರಿಸಂಖ್ಯೆ, ಮತ್ತು ಬೆಸ ಡಿಗ್ರಿಯ ಚುಕ್ಕಿಗಳು ಇದ್ದರೆ ಜೋಡಿಯಾಗಿಯೇ ಇರುತ್ತವೆ. ನಿಮ್ಮ ಚಿತ್ರದಲ್ಲಿ ಬೆಸ ಚುಕ್ಕಿ ಒಂದೋ ಮೂರೋ ಬಂತು ಅಂದರೆ ಯಾವುದೋ ಚುಕ್ಕಿಯ ಗೆರೆಗಳನ್ನು ಎಣಿಸುವಾಗ ತಪ್ಪಿದ್ದೀರಿ.

ಬೆಸ ಚುಕ್ಕಿ ಯಾಕೆ ತೊಂದರೆ ಕೊಡುತ್ತದೆ

ನಡಿಗೆಯ ಮಧ್ಯೆ ಒಂದು ಜಾಗಕ್ಕೆ ಬಂದಿರಿ ಎಂದುಕೊಳ್ಳಿ. ಬರಲು ಒಂದು ಸೇತುವೆ ಮುಗಿಯಿತು, ಹೋಗಲು ಇನ್ನೊಂದು ಬೇಕು. ಮತ್ತೆ ಅಲ್ಲಿಗೆ ಬಂದರೆ ಮತ್ತೆ ಎರಡು. ಮಧ್ಯದಲ್ಲಿ ಹಾದುಹೋಗುವ ಜಾಗದಲ್ಲಿ ಸೇತುವೆಗಳು ಹೀಗೆ ಎರಡೆರಡಾಗಿಯೇ ಖರ್ಚಾಗುತ್ತವೆ. ಬೆಸ ಡಿಗ್ರಿಯಿದ್ದರೆ ಒಂದು ಜೋಡಿಯಿಲ್ಲದೆ ಉಳಿಯುತ್ತದೆ, ಅದಕ್ಕೆ ಆ ಜಾಗ ಹೊರಡುವ ಜಾಗವಾಗಿರಬೇಕು, ಇಲ್ಲವೇ ನಿಲ್ಲುವ ಜಾಗ. ಹೊರಡುವುದು ಒಂದು ಕಡೆ, ನಿಲ್ಲುವುದು ಒಂದು ಕಡೆ. ಆದ್ದರಿಂದ ಬೆಸ ಚುಕ್ಕಿ ಎರಡಕ್ಕಿಂತ ಜಾಸ್ತಿ ಇದ್ದರೆ ಆಟ ಮುಗಿಯಿತು, ಎಷ್ಟು ತಲೆ ಕೆಡಿಸಿಕೊಂಡರೂ ದಾರಿ ಸಿಗುವುದಿಲ್ಲ. ಎರಡೇ ಇದ್ದರೆ ಒಂದರಿಂದ ಹೊರಟು ಇನ್ನೊಂದರಲ್ಲಿ ನಿಲ್ಲಬೇಕು. ಒಂದೂ ಇಲ್ಲದಿದ್ದರೆ ಎಲ್ಲಿಂದ ಹೊರಟರೂ ಅಲ್ಲಿಗೇ ವಾಪಸ್ ಬರಬಹುದು. ಚಿತ್ರ ಎರಡು ತುಂಡಾಗಿರಬಾರದು, ಅಷ್ಟೇ ಷರತ್ತು.

ನಮ್ಮ ಒಗಟಿನಲ್ಲಿ ಬೆಸ ಇರುವುದು ಉತ್ತರ ದಡ ಮತ್ತು ದ್ವೀಪ. ಅಂದರೆ ಮಂಡ್ಯದ ಕಡೆಯಿಂದಲೋ ಊರೊಳಗಿನಿಂದಲೋ ಹೊರಟರೆ ಆಗುತ್ತದೆ, ಮೈಸೂರಿನ ಕಡೆಯ ದಡದಿಂದ ಹೊರಟರೆ ಆಗುವುದೇ ಇಲ್ಲ.

ಆದರೆ ಸರಿಯಾದ ಜಾಗದಿಂದ ಹೊರಟರೂ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ದ್ವೀಪದಿಂದ ಉತ್ತರಕ್ಕೆ, ವಾಪಸ್ ದ್ವೀಪಕ್ಕೆ, ಮತ್ತೆ ಉತ್ತರಕ್ಕೆ ಹೋದಿರಿ ಅಂದುಕೊಳ್ಳಿ. ಉತ್ತರದ ಮೂರೂ ಸೇತುವೆ ಮುಗಿದವು, ನೀವು ಆ ದಡದಲ್ಲೇ ನಿಂತಿರಿ, ದಕ್ಷಿಣದ ಎರಡು ಹಾಗೇ ಉಳಿದವು. ಆಗ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕಿಲ್ಲ. ಉಳಿದ ಎರಡು ಸೇತುವೆ ದ್ವೀಪದಿಂದ ಹೊರಟು ದ್ವೀಪಕ್ಕೇ ಬರುವ ಒಂದು ಸುತ್ತು. ನೀವು ನಡೆದ ದಾರಿಯಲ್ಲಿ ದ್ವೀಪ ಎಲ್ಲಿ ಬಂದಿತ್ತೋ ಅಲ್ಲಿ ದಾರಿಯನ್ನು ಕತ್ತರಿಸಿ, ಈ ಸುತ್ತನ್ನು ಒಳಗೆ ಸೇರಿಸಿ. ದ್ವೀಪ, ಉತ್ತರ, ದ್ವೀಪ, ದಕ್ಷಿಣ, ದ್ವೀಪ, ಉತ್ತರ. ಐದೂ ಮುಗಿದವು. ಎಷ್ಟೇ ದೊಡ್ಡ ಚಿತ್ರವಾದರೂ ಹೀಗೆ ಉಳಿದ ಸುತ್ತುಗಳನ್ನು ಹೊಲಿಯುತ್ತಾ ಹೋದರೆ ಸಾಕು.

ಈ ವಿಚಾರ ಹುಟ್ಟಿದ್ದು ಕ್ಯೋನಿಗ್ಸ್‌ಬರ್ಗ್ ಎಂಬ ಊರಿನ ಒಗಟಿನಿಂದ. ಆಗ ಅದು ಪ್ರಷ್ಯಾದಲ್ಲಿತ್ತು, ಈಗ ರಷ್ಯಾದ ಕಲಿನಿನ್‌ಗ್ರಾಡ್. ಅಲ್ಲಿಯ ಪ್ರೆಗೆಲ್ ನದಿಯ ಮೇಲೆ 7 ಸೇತುವೆಗಳಿದ್ದವು, ನೆಲ ನಾಲ್ಕು ಭಾಗವಾಗಿತ್ತು, ಡಿಗ್ರಿಗಳು 5, 3, 3, 3. ನಾಲ್ಕೂ ಬೆಸ, ಹಾಗಾಗಿ ಸಾಧ್ಯವೇ ಇಲ್ಲ ಎಂದು ಲಿಯೊನಾರ್ಡ್ ಆಯ್ಲರ್ 1736ರ ಲೇಖನದಲ್ಲಿ ತೋರಿಸಿದ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಒಂದು ವಿಷಯ: ಅವನು ಒಂದೊಂದೇ ದಾರಿಯನ್ನು ನಡೆದು ನೋಡಿ ಆಗಲ್ಲ ಅನ್ನಲಿಲ್ಲ, ಬರೀ ಎಣಿಸಿ ಹೇಳಿದ.

ಈಗ ವೇಳಾಪಟ್ಟಿ

ಇದೇ ಚುಕ್ಕಿ ಗೆರೆ ನನಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಸ್ಟಾಫ್ ರೂಮಿನಲ್ಲಿ. ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಕಿರುಪರೀಕ್ಷೆಯ ವೇಳಾಪಟ್ಟಿ ಮಾಡುವುದು ನನ್ನ ಪಾಲಿಗೆ ಬಂತು. ಭಾಷಾ ಪರೀಕ್ಷೆಗಳಿಗೆ ಬೇರೆ ದಿನ ಇತ್ತು, ಅದನ್ನು ಬಿಡಿ. ಉಳಿದ 11 ವಿಷಯಗಳನ್ನು, ದಿನಕ್ಕೆ ಒಂದೇ ಅವಧಿಯಂತೆ, ಆದಷ್ಟು ಕಡಿಮೆ ದಿನದಲ್ಲಿ ಮುಗಿಸಬೇಕು, ಯಾವ ಮಗುವಿಗೂ ಒಂದೇ ಹೊತ್ತಿಗೆ ಎರಡು ಪರೀಕ್ಷೆ ಬರಬಾರದು.

ಕಾಂಬಿನೇಷನ್‌ಗಳು ಐದು. ಪಿಸಿಎಂಬಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ. ಸಿಇಬಿಎಯಲ್ಲಿ ಕಂಪ್ಯೂಟರ್, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಎಚ್‌ಇಬಿಎಯಲ್ಲಿ ಕಂಪ್ಯೂಟರ್ ಬದಲು ಇತಿಹಾಸ. ಎಚ್‌ಇಪಿಎಸ್‌ನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ.

ಇಲ್ಲಿ ಚುಕ್ಕಿ ಅಂದರೆ ವಿಷಯ. ಎರಡು ವಿಷಯಗಳನ್ನು ಒಬ್ಬ ವಿದ್ಯಾರ್ಥಿಯಾದರೂ ಒಟ್ಟಿಗೆ ಓದುತ್ತಿದ್ದರೆ ನಡುವೆ ಗೆರೆ. ಗೆರೆಯ ಅರ್ಥ ಇಲ್ಲಿ ‘ಇವೆರಡು ಒಂದೇ ದಿನ ಬೇಡ’ ಎಂದು. ಒಂದೊಂದು ದಿನಕ್ಕೆ ಒಂದು ಬಣ್ಣ, ಗೆರೆಯ ಎರಡು ತುದಿಗೆ ಒಂದೇ ಬಣ್ಣ ಬರಬಾರದು. ಸೇತುವೆಯಲ್ಲಿ ಗೆರೆಗಳ ಮೇಲೆ ನಡೆದೆವು, ಇಲ್ಲಿ ಚುಕ್ಕಿಗಳಿಗೆ ಬಣ್ಣ ತುಂಬುತ್ತೇವೆ.

ನಾಲ್ಕು ದಿನಕ್ಕಿಂತ ಕಡಿಮೆ ಆಗುವುದಿಲ್ಲ ಎನ್ನುವುದು ಕೂಡಲೇ ಗೊತ್ತಾಗುತ್ತದೆ, ಯಾಕೆಂದರೆ ಪಿಸಿಎಂಬಿಯ ನಾಲ್ಕು ವಿಷಯಗಳಲ್ಲಿ ಪ್ರತಿಯೊಂದಕ್ಕೂ ಉಳಿದ ಮೂರರ ಜೊತೆ ಗೆರೆಯಿದೆ. ನಾಲ್ಕು ಸಾಕಾಗುತ್ತಾ ಎನ್ನುವುದು ಪ್ರಶ್ನೆ.

ಮೊದಲ ಸಲ ನಾನು ಹಾಜರಿ ಪುಸ್ತಕದ ಕ್ರಮದಲ್ಲೇ ಹೋದೆ, ಸಿಕ್ಕಿದ ಮೊದಲ ಖಾಲಿ ದಿನ ಕೊಡುತ್ತಾ. ಜೀವಶಾಸ್ತ್ರ 1ನೇ ದಿನ, ಭೌತ 2, ರಸಾಯನ 3, ಗಣಿತ 4. ಆಮೇಲೆ ಅರ್ಥಶಾಸ್ತ್ರ 1, ವ್ಯವಹಾರ 2, ಲೆಕ್ಕಶಾಸ್ತ್ರ 3. ಎಲ್ಲ ಚೆನ್ನಾಗಿಯೇ ಕಾಣಿಸಿತು. ಕಂಪ್ಯೂಟರ್‌ಗೆ ಬಂದಾಗ ನೋಡಿದರೆ 2, 3, 4ನೇ ದಿನ ವಿಜ್ಞಾನದವರಿಗೆ ಅಡ್ಡ, 1ನೇ ದಿನ ಅರ್ಥಶಾಸ್ತ್ರ ಕೂತಿದೆ. ಆ ಒಂದು ವಿಷಯಕ್ಕಾಗಿ ಐದನೇ ದಿನ ಬರೆದೆ, ಬೇರೆ ದಾರಿ ಇಲ್ಲ ಎಂದೇ ನಂಬಿದ್ದೆ.

ಮನೆಗೆ ಬಂದು ಚಿತ್ರ ಬರೆದ ಮೇಲೆ ತಪ್ಪು ಎಲ್ಲಿ ಅಂತ ಕಂಡಿತು. ಕಂಪ್ಯೂಟರ್ ಚುಕ್ಕಿ ಎರಡು ಗುಂಪಿನ ನಡುವೆ ನಿಂತಿದೆ, ಆ ಕಡೆ ಮೂರು ಗೆರೆ, ಈ ಕಡೆ ಮೂರು. ನಾಲ್ಕೇ ದಿನ ಅಂದರೆ ಭೌತ, ರಸಾಯನ, ಗಣಿತ ಮೂರು ದಿನ ಹಿಡಿಯುತ್ತವೆ, ಉಳಿದ ಒಂದು ದಿನದಲ್ಲಿ ಜೀವಶಾಸ್ತ್ರವೂ ಕಂಪ್ಯೂಟರೂ ಜೊತೆಯಾಗಿ ಬರಲೇಬೇಕು. ಹಾಗೆಯೇ ಅರ್ಥಶಾಸ್ತ್ರ, ವ್ಯವಹಾರ, ಲೆಕ್ಕಶಾಸ್ತ್ರ ಬಿಟ್ಟು ಉಳಿಯುವ ದಿನದಲ್ಲಿ ಇತಿಹಾಸವೂ ಕಂಪ್ಯೂಟರೂ. ನಾನು ಜೀವಶಾಸ್ತ್ರದ ಪಕ್ಕ ಅರ್ಥಶಾಸ್ತ್ರ ಕೂರಿಸಿದ ಕ್ಷಣವೇ ನಾಲ್ಕು ದಿನದ ಬಾಗಿಲು ಮುಚ್ಚಿತ್ತು.

ಇದನ್ನು ತಪ್ಪಿಸಲು ಒಂದು ಕ್ರಮ ಇದೆ, ವೆಲ್ಶ್ ಮತ್ತು ಪೊವೆಲ್ ಎಂಬ ಇಬ್ಬರು 1967ರಲ್ಲಿ ವೇಳಾಪಟ್ಟಿಯ ಸಮಸ್ಯೆಗೆಂದೇ ಬರೆದದ್ದು. ಜಾಸ್ತಿ ಗೆರೆ ಇರುವ ಚುಕ್ಕಿಗೆ ಮೊದಲು ಬಣ್ಣ ಕೊಡಿ. ಕಂಪ್ಯೂಟರ್ ಮತ್ತು ಅರ್ಥಶಾಸ್ತ್ರಕ್ಕೆ 6, ಇತಿಹಾಸಕ್ಕೆ 5, ಭೌತ, ರಸಾಯನ, ಗಣಿತ, ವ್ಯವಹಾರ, ಲೆಕ್ಕಶಾಸ್ತ್ರಕ್ಕೆ 4, ಜೀವ, ರಾಜ್ಯ, ಸಮಾಜಶಾಸ್ತ್ರಕ್ಕೆ 3. ಕೂಡಿದರೆ 46, ಗೆರೆಗಳು 23, ಎಣಿಕೆ ಸರಿಯಿದೆ. ಈಗ ಒಂದು ಬಣ್ಣ ಹಿಡಿದು ಪಟ್ಟಿಯ ಮೇಲಿನಿಂದ ಕೆಳಗೆ ಬನ್ನಿ, ಆ ಬಣ್ಣದ ಯಾವ ಚುಕ್ಕಿಗೂ ಗೆರೆ ಇಲ್ಲದ ವಿಷಯ ಸಿಕ್ಕಿದಾಗೆಲ್ಲ ಅದೇ ಬಣ್ಣ ಹಾಕಿ. ಪಟ್ಟಿ ಮುಗಿದ ಮೇಲೆ ಮುಂದಿನ ಬಣ್ಣ.

1ನೇ ದಿನ: ಕಂಪ್ಯೂಟರ್, ಇತಿಹಾಸ, ಜೀವಶಾಸ್ತ್ರ.
2ನೇ ದಿನ: ಅರ್ಥಶಾಸ್ತ್ರ, ಭೌತಶಾಸ್ತ್ರ.
3ನೇ ದಿನ: ರಸಾಯನಶಾಸ್ತ್ರ, ವ್ಯವಹಾರ ಅಧ್ಯಯನ, ರಾಜ್ಯಶಾಸ್ತ್ರ.
4ನೇ ದಿನ: ಗಣಿತ, ಲೆಕ್ಕಶಾಸ್ತ್ರ, ಸಮಾಜಶಾಸ್ತ್ರ.

ನಾಲ್ಕೇ ದಿನ. ಕಲಿಯುವಾಗ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಮಾಡಿ ನೋಡಿ, ತಪ್ಪಿದರೆ ಗೆರೆಯ ಎರಡೂ ತುದಿಯಲ್ಲಿ ಒಂದೇ ಬಣ್ಣ ಕಣ್ಣಿಗೆ ಹೊಡೆಯುತ್ತದೆ.

ಈ ಕ್ರಮದ ಮಿತಿ

ಸೇತುವೆಯ ಒಗಟಿಗೆ ಬೆಸ ಚುಕ್ಕಿ ಎಣಿಸಿದರೆ ಉತ್ತರ ಖಚಿತ. ಬಣ್ಣದ ಲೆಕ್ಕಕ್ಕೆ ಅಂಥ ಸುಲಭದ ಎಣಿಕೆ ಇಲ್ಲ. ಮೇಲಿನ ಕ್ರಮ ಕೆಲವು ಚಿತ್ರಗಳಲ್ಲಿ ಬೇಕಾದ್ದಕ್ಕಿಂತ ಒಂದೆರಡು ಬಣ್ಣ ಜಾಸ್ತಿ ಕೊಟ್ಟುಬಿಡುತ್ತದೆ, ಮತ್ತು ಎಲ್ಲ ದೊಡ್ಡ ಚಿತ್ರಗಳಿಗೂ ಕನಿಷ್ಠ ಬಣ್ಣ ಎಷ್ಟೆಂದು ಬೇಗ ಹೇಳುವ ವಿಧಾನ ಇನ್ನೂ ಯಾರಿಗೂ ಸಿಕ್ಕಿಲ್ಲ. ಪ್ರತಿ ಚುಕ್ಕಿಗೂ ಉಳಿದ ಎಲ್ಲದರ ಜೊತೆ ಗೆರೆಯಿದ್ದು ಒಂದಕ್ಕೊಂದು ಅಂಟಿಕೊಂಡ ದೊಡ್ಡ ಗುಂಪಿನಲ್ಲಿ ಎಷ್ಟು ಚುಕ್ಕಿಯಿದೆಯೋ ಅಷ್ಟು ದಿನವಾದರೂ ಬೇಕು, ಆದರೆ ಅಷ್ಟೇ ಸಾಕು ಎಂದೇನಿಲ್ಲ. ಐದು ಚುಕ್ಕಿಗಳನ್ನು ಬಳೆಯಂತೆ ಸುತ್ತ ಜೋಡಿಸಿ ನೋಡಿ, ಅಲ್ಲಿ ಅಂಟಿಕೊಂಡ ಗುಂಪು ಎರಡರದ್ದೇ, ಆದರೂ ಮೂರು ಬಣ್ಣ ಬೇಕು.

ಗೆರೆ ಎಳೆಯುವಾಗಲೂ ಕಾಂಬಿನೇಷನ್ ಪಟ್ಟಿಯನ್ನು ಮಾತ್ರ ನಂಬಬೇಡಿ, ದಾಖಲಾತಿ ಪುಸ್ತಕ ನೋಡಿ. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ, ಲೆಕ್ಕಶಾಸ್ತ್ರದ ಒಬ್ಬ ಹುಡುಗಿ ಇತಿಹಾಸ ಬಿಡದೆ ಕಂಪ್ಯೂಟರನ್ನೂ ಜೊತೆಗೆ ಬರೆಯುತ್ತಾಳೆ ಎಂದುಕೊಳ್ಳಿ. ಹೊಸದಾಗಿ ಬರುವುದು ಕಂಪ್ಯೂಟರಿಗೂ ಇತಿಹಾಸಕ್ಕೂ ನಡುವಿನ ಒಂದೇ ಗೆರೆ. ಆದರೆ ಅದರಿಂದ ಆ ಐದೂ ವಿಷಯ ಒಂದಕ್ಕೊಂದು ಅಂಟಿಕೊಂಡವು. ಆಗ ಯಾವ ಕ್ರಮದಲ್ಲಿ ಬಣ್ಣ ಹಚ್ಚಿದರೂ ನಾಲ್ಕು ದಿನದಲ್ಲಿ ಮುಗಿಯುವುದಿಲ್ಲ. ಹುಡುಕುವುದನ್ನು ಅಲ್ಲಿಗೇ ಬಿಟ್ಟು ಪ್ರಿನ್ಸಿಪಾಲರ ಹತ್ತಿರ ಐದನೇ ದಿನ ಕೇಳಿ, ಯಾಕೆ ಎಂದರೆ ಆ ಒಂದು ಗೆರೆ ತೋರಿಸಿ.