ವಿಮಾನ ಇಳಿಯುವಾಗ ಕಿವಿನೋವೇ? ಅರ್ಧ ಗಂಟೆ ಮೊದಲೇ ಶುರುಮಾಡಿ

ವಿಮಾನ ಮೇಲೇರುವಾಗ ಮಗುವಿನ ಬಾಯಿಗೆ ಹಾಲಿನ ಬಾಟಲಿ ಇಟ್ಟು, ಅದು ಕುಡಿದು ಮಲಗಿದೊಡನೆ ಗೆದ್ದೆವೆಂದುಕೊಳ್ಳುವ ತಂದೆತಾಯಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಿವಿ ಕೈಕೊಡುವುದು ಹೆಚ್ಚಾಗಿ ಇಳಿಯುವಾಗ. ಅಷ್ಟರಲ್ಲಿ ಬಾಟಲಿ ಖಾಲಿಯಾಗಿರುತ್ತದೆ, ಮಗು ಚೀರಿಕೊಂಡು ಏಳುತ್ತದೆ.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗವಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಶಿಯನ್ ನಾಳ ಎಂಬ ಸಣ್ಣ ಕೊಳವೆ ಹೋಗುತ್ತದೆ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ತಾನಾಗಿಯೇ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಏರುತ್ತ ತಮಟೆಯನ್ನು ಒಳಕ್ಕೆ ನೂಕುತ್ತದೆ. ಆಗ ಗಾಳಿ ಒಳಗೆ ಹೋಗಬೇಕಾದರೆ ಸ್ನಾಯುಗಳು ನಾಳವನ್ನು ಎಳೆದು ತೆರೆಯಬೇಕು. ನುಂಗಿದಾಗ, ಆಕಳಿಸಿದಾಗ ಆಗುವುದು ಅದೇ. ನೆಗಡಿಯಲ್ಲಿ ನಾಳದ ಒಳಪೊರೆ ಊದಿರುತ್ತದೆ. ಚಿಕ್ಕ ಮಕ್ಕಳಲ್ಲಿ ನಾಳವೇ ಕಿರಿದು. ಒತ್ತಡದ ವ್ಯತ್ಯಾಸ ತುಂಬಾ ಹೆಚ್ಚಿತೆಂದರೆ ನಾಳ ಬಿಗಿದು ಮುಚ್ಚಿಕೊಂಡು, ಎಷ್ಟು ನುಂಗಿದರೂ ತೆರೆಯುವುದಿಲ್ಲ. ಕಿವಿಗೆ ಹತ್ತಿ ತುರುಕುವುದಾಗಲಿ ಎಣ್ಣೆ ಬಿಡುವುದಾಗಲಿ ವ್ಯರ್ಥವೆನ್ನುವುದು ಇದಕ್ಕೇ. ತೊಂದರೆ ಇರುವುದು ತಮಟೆಯ ಆಚೆ.

ದೆಹಲಿಯಿಂದ ಬರುವ ವಿಮಾನ ಸಂಜೆ 6ಕ್ಕೆ ಬೆಂಗಳೂರಿನಲ್ಲಿ ಇಳಿಯುತ್ತದೆ ಎಂದುಕೊಳ್ಳಿ. ತಾಯಿಗೆ ನೆಗಡಿ, ಜೊತೆಗೆ ಮೂರು ವರ್ಷದ ಮಗು. ಎತ್ತರ ಇಳಿಸುವ ಕೆಲಸ ಸುಮಾರು 5.30ಕ್ಕೇ ಆರಂಭವಾಗುತ್ತದೆ. ಬೆಲ್ಟ್ ಕಟ್ಟಿಕೊಳ್ಳಿ ಎಂಬ ಪ್ರಕಟಣೆಗೆ ಕಾಯುತ್ತ ಕುಳಿತರೆ ಕೆಟ್ಟಿರಿ. ಇಳಿಯಲು ಆರಂಭಿಸುವುದು ಯಾವಾಗ ಎಂದು ವಿಮಾನದ ಸಿಬ್ಬಂದಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಎಂಜಿನ್ನಿನ ಸದ್ದು ತಗ್ಗಿ ಮೂತಿ ತುಸು ಕೆಳಗೆ ಬಾಗಿದಂತೆನಿಸುವುದೂ ಒಂದು ಸುಳಿವು.

ತಾಯಿ 4.45ರ ಹೊತ್ತಿಗೆ ಮೂಗನ್ನು ಮೆಲ್ಲಗೆ ಸೀಟಿ ಆಕ್ಸಿಮೆಟಜೋಲಿನ್ ಅಥವಾ ಝೈಲೋಮೆಟಜೋಲಿನ್ ಇರುವ ಸ್ಪ್ರೇ ಹಾಕಿಕೊಳ್ಳಲಿ. ಊತ ಇಳಿಯಲು ಸಮಯ ಬೇಕು. ರಕ್ತದೊತ್ತಡ ಅಥವಾ ಹೃದಯದ ಕಾಯಿಲೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮೂರ‍್ನಾಲ್ಕು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಕೆಟ್ಟದಾಗಿ ಕಟ್ಟುತ್ತದೆ. ದೊಡ್ಡವರ ಸ್ಪ್ರೇಯನ್ನು ಮಗುವಿನ ಮೂಗಿಗೆ ಹಾಕಲೇಬೇಡಿ.

5.25ಕ್ಕೆ ಮಗುವನ್ನು ಎಬ್ಬಿಸಿ. ಪಾಪ, ಮಲಗಿರಲಿ ಎಂಬ ಕನಿಕರವೇ ಇಲ್ಲಿ ದುಬಾರಿ. ನಿದ್ದೆಯಲ್ಲಿ ನುಂಗುವುದು ತೀರಾ ಕಡಿಮೆ. ನಿದ್ದೆ ಬರಿಸುವ ನೆಗಡಿ ಔಷಧ ಕುಡಿಸಿ ಪ್ರಯಾಣ ಸಲೀಸು ಮಾಡಿಕೊಳ್ಳುವ ಅಡ್ಡದಾರಿಯೂ ಇದೇ ಕಾರಣಕ್ಕೆ ತಿರುಗುಬಾಣವಾಗುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿ, ಸ್ಟ್ರಾ ಇರುವ ಬಾಟಲಿಯಲ್ಲಿ ನೀರು ಕೊಡಿ. ಒಂದೇ ಸಲ ಗಟಗಟ ಕುಡಿದು ಮುಗಿಸಲು ಬಿಡದೆ, ನಿಮಿಷಕ್ಕೊಂದೆರಡು ಗುಟುಕಿನಂತೆ ಚಕ್ರ ನೆಲ ಮುಟ್ಟುವವರೆಗೂ ಎಳೆಯಿರಿ. ಬೇಜಾರಾದರೆ ಆಕಳಿಸುವ ಆಟವಾಡಿ. ಹಸುಗೂಸಾದರೆ ಹಾಲನ್ನು ಈ ಹೊತ್ತಿಗೇ ಉಳಿಸಿಟ್ಟುಕೊಳ್ಳಿ, ತಲೆಯನ್ನು ತುಸು ಎತ್ತರಿಸಿ ಕುಡಿಸಿ. ಗಟ್ಟಿ ಪೆಪ್ಪರಮಿಂಟು, ಚೂಯಿಂಗ್ ಗಮ್ ಈ ವಯಸ್ಸಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ನೆಗಡಿಯಾದ ತಾಯಿಗೆ ನನ್ನ ಸಲಹೆ: ಬಾಯಲ್ಲಿ ಒಂದು ಗುಟುಕು ನೀರು ಇಟ್ಟುಕೊಂಡು, ಎರಡೂ ಹೊಳ್ಳೆಗಳನ್ನು ಬೆರಳಿನಿಂದ ಒತ್ತಿ ಹಿಡಿದು, ಬಾಯಿ ಮುಚ್ಚಿ ನುಂಗಿ. ಕಿವಿಯೊಳಗೆ ಸಣ್ಣಗೆ ಟಕ್ ಎಂದರೆ ನಾಳ ತೆರೆಯಿತು ಎಂದರ್ಥ. ಕಿವಿ ಕಟ್ಟುವ ಮೊದಲೇ ಆರಂಭಿಸಿ, ನಿಮಿಷಕ್ಕೊಮ್ಮೆ ಮಾಡುತ್ತಿರಿ. ಮೂಗು ಹಿಡಿದು ಊದುವ ವಿಧಾನವೇ ಹೆಚ್ಚು ಜನಪ್ರಿಯ, ಆದರೆ ಜನ ಮುಖ ಕೆಂಪಾಗುವಷ್ಟು ಊದುತ್ತಾರೆ. ಜೋರಾಗಿ ಊದಿದರೆ ಸಿಂಬಳ ಕಿವಿಯತ್ತ ನುಗ್ಗಬಹುದು, ತಮಟೆಗೂ ಪೆಟ್ಟಾಗಬಹುದು. ಊದುವುದಾದರೆ ಒಂದೆರಡು ಸೆಕೆಂಡು, ಕನ್ನಡಿಯ ಮೇಲೆ ಹಬೆ ಹಿಡಿಸುವಷ್ಟು ಮೆಲ್ಲಗೆ. ನೋವು ಹೆಚ್ಚಿದರೆ ಅಥವಾ ತಲೆ ತಿರುಗಿದರೆ ಕೂಡಲೇ ನಿಲ್ಲಿಸಿ.

ವಿಮಾನದ ಇಯರ್‌ಪ್ಲಗ್ ಎಂದು ಮಾರುವ ಸರಕು ಒತ್ತಡದ ಬದಲಾವಣೆಯನ್ನು ತುಸು ನಿಧಾನಿಸಬಹುದಷ್ಟೆ, ನಾಳವನ್ನು ತೆರೆಯುವುದಿಲ್ಲ. ನಾನಂತೂ ಕೊಳ್ಳುವುದಿಲ್ಲ. ಬಿಸಿನೀರಿನಲ್ಲಿ ಅದ್ದಿದ ಟಿಶ್ಯೂ ಹಾಕಿದ ಲೋಟವನ್ನು ಕಿವಿಗೆ ಒತ್ತಿಹಿಡಿಯುವುದಂತೂ ಮಗುವಿನ ಕೆನ್ನೆ ಸುಡುವ ದಾರಿ.

ಇಳಿದ ಮೇಲೂ ಕಿವಿ ಕಟ್ಟಿಕೊಂಡೇ ಇದ್ದರೆ ನುಂಗುವುದನ್ನು ಮುಂದುವರಿಸಿ. ಎಷ್ಟೋ ಸಲ ಕೆಲವು ಗಂಟೆಗಳಲ್ಲಿ ಬಿಡುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಮಗುವಿಗಾದರೆ ತೂಕಕ್ಕೆ ತಕ್ಕಷ್ಟು. ಕಿವಿಯಿಂದ ರಕ್ತ ಅಥವಾ ನೀರು ಸೋರಿದರೆ, ಕೇಳಿಸುವುದು ತಟ್ಟನೆ ಕುಗ್ಗಿದರೆ, ತಲೆ ಸುತ್ತಿದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಮಗುವಿಗೆ ಈಗಾಗಲೇ ಕಿವಿಯ ಸೋಂಕಾಗಿದ್ದರೆ ಅಥವಾ ಇತ್ತೀಚೆಗೆ ಕಿವಿಯ ಶಸ್ತ್ರಚಿಕಿತ್ಸೆಯಾಗಿದ್ದರೆ, ಟಿಕೆಟ್ ಕಾಯ್ದಿರಿಸುವ ಮೊದಲೇ ಅವರನ್ನು ಕೇಳಿ.