ಮೈದಾ, ಗೋಧಿಹಿಟ್ಟು, ಬ್ರೆಡ್ ಹಿಟ್ಟು: ಯಾವ ತಿನಿಸಿಗೆ ಯಾವುದು?

ಮೂರೂ ಗೋಧಿಯದೇ ಹಿಟ್ಟು. ಆದರೂ ಮೈದಾದ ಅಳತೆಯಲ್ಲೇ ಗೋಧಿಹಿಟ್ಟು ಹಾಕಿ ಬ್ರೆಡ್ ಮಾಡಿದರೆ ಅದು ಉಬ್ಬದೆ ಗಟ್ಟಿಯಾಗಿ ಕೂರುತ್ತದೆ. ಬ್ರೆಡ್ ಹಿಟ್ಟಿನಲ್ಲಿ ಸಮೋಸ ಮಾಡಹೊರಟರೆ ಲಟ್ಟಿಸಿದಷ್ಟೂ ಹಾಳೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಹಿಟ್ಟು ನೀರಿನೊಂದಿಗೆ ಸೇರಿದಾಗ ಹುಟ್ಟುವ ಗ್ಲುಟೆನ್ ಎಂಬ ಅಂಟಿನ ಬಲೆಯೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಬ್ರೆಡ್ಡಿಗೆ ಆ ಬಲೆ ಬಲವಾಗಿರಬೇಕು, ಗರಿಗರಿ ತಿಂಡಿಗೆ ದುರ್ಬಲವಾಗಿರಬೇಕು.

ಮೊದಲು ಪೊಟ್ಟಣದ ಮೇಲೆ 100 ಗ್ರಾಂಗೆ ಎಷ್ಟು ಪ್ರೋಟೀನ್ ಎಂಬುದನ್ನು ನೋಡಿ. ಸಾಮಾನ್ಯವಾಗಿ ಮೈದಾದಲ್ಲಿ 9ರಿಂದ 11 ಗ್ರಾಂ, ಬ್ರೆಡ್ ಹಿಟ್ಟಿನಲ್ಲಿ 12ರಿಂದ 14 ಗ್ರಾಂ ಇರುತ್ತದೆ. ಗೋಧಿಹಿಟ್ಟಿನಲ್ಲಿ ಮಾತ್ರ ಈ ಅಂಕಿಯನ್ನು ನಂಬಿ ಮೋಸಹೋಗುವವರು ಹೆಚ್ಚು. ಅದರಲ್ಲಿ 12 ಗ್ರಾಂ ಎಂದು ಬರೆದಿದ್ದರೂ ಅದರ ಒಂದಷ್ಟು ಭಾಗ ಹೊಟ್ಟು ಮತ್ತು ಮೊಳಕೆಯದು. ಅದರಿಂದ ಅಂಟು ಹುಟ್ಟುವುದಿಲ್ಲ. ಮೇಲಾಗಿ ಹೊಟ್ಟಿನ ಚೂರುಗಳು ಇದ್ದ ಬಲೆಯನ್ನೂ ಅಲ್ಲಲ್ಲಿ ಕಡಿದುಹಾಕುತ್ತವೆ.

ಮೈದಾದ ಬಲವನ್ನು ಮನೆಯಲ್ಲೇ ತಿಳಿಯಬೇಕೆಂದರೆ 100 ಗ್ರಾಂ ಹಿಟ್ಟಿಗೆ ಸುಮಾರು 60 ಮಿ.ಲೀ. ನೀರು ಹಾಕಿ ಚೆನ್ನಾಗಿ ನಾದಿ, ಉಂಡೆಯನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಬಳಿಕ ನೀರು ಬದಲಿಸುತ್ತಾ ಮೆಲ್ಲಗೆ ಹಿಸುಕಿ ತೊಳೆದರೆ ಪಿಷ್ಟವೆಲ್ಲ ಹಾಲಿನಂತೆ ಕರಗಿ ಹೋಗಿ, ಕೊನೆಗೆ ರಬ್ಬರಿನಂಥ ಮುದ್ದೆಯೊಂದು ಕೈಯಲ್ಲಿ ಉಳಿಯುತ್ತದೆ. ಅದನ್ನು ಹಿಂಡಿ ತೂಗಿದಾಗ 25 ಗ್ರಾಂ ಆಸುಪಾಸು ಬಂದರೆ ಅದು ತಿಂಡಿಯ ಮೈದಾ. 30 ದಾಟಿ, ಎಳೆದಾಗ ಹರಿಯದೆ ಉದ್ದವಾದರೆ ಬ್ರೆಡ್ಡಿಗೂ ಒದಗುತ್ತದೆ. ಗೋಧಿಹಿಟ್ಟಿಗೆ ಈ ಪರೀಕ್ಷೆ ಬೇಡ, ಹೊಟ್ಟು ಮುದ್ದೆಯಲ್ಲೇ ಸಿಕ್ಕಿಕೊಂಡು ತೂಕ ತಪ್ಪಾಗುತ್ತದೆ.

ಸಮೋಸ, ಶಂಕರಪೋಳಿಯಂಥ ಕರಿದ ತಿಂಡಿಗಳಿಗೆ ಮೈದಾ ಸರಿ. 250 ಗ್ರಾಂ ಮೈದಾಕ್ಕೆ 50 ಗ್ರಾಂನಷ್ಟು ತುಪ್ಪ ಅಥವಾ ಎಣ್ಣೆಯನ್ನು ನೀರಿಗಿಂತ ಮೊದಲೇ ಹಾಕಿ ಬೆರಳುಗಳಿಂದ ತಿಕ್ಕಬೇಕು. ಹೀಗೆ ಜಿಡ್ಡು ಹಿಡಿದ ಹಿಟ್ಟಿಗೆ ನೀರು ಸುಲಭವಾಗಿ ತಾಕದೆ ಅಂಟು ಕಡಿಮೆ ಹುಟ್ಟುತ್ತದೆ. ಮುಷ್ಟಿಯಲ್ಲಿ ಹಿಡಿದಾಗ ಹಿಟ್ಟು ಮುದ್ದೆಗಟ್ಟಿ ನಿಲ್ಲುವಂತಾದರೆ ಜಿಡ್ಡು ಸಾಕಾಗಿದೆ ಎಂದರ್ಥ. ನಂತರ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಗಟ್ಟಿಯಾಗಿ ಕಲಸಿ, ಹೆಚ್ಚು ನಾದದೆ ಮುಚ್ಚಿಡಿ. ಕರಿದ ಮೇಲೆ ಮೈತುಂಬ ಗುಳ್ಳೆ ಎದ್ದರೆ ಹಿಟ್ಟು ಮೆತ್ತಗಾಗಿತ್ತು ಅಥವಾ ಎಣ್ಣೆ ಅತಿಯಾಗಿ ಕಾದಿತ್ತು.

ಚಪಾತಿಗೆ ಗೋಧಿಹಿಟ್ಟೇ ಆಗಬೇಕು. ಬೀಸುವಾಗ ಕಲ್ಲಿನ ಒತ್ತಡಕ್ಕೆ ಪಿಷ್ಟದ ಕಣಗಳು ಒಡೆಯುವುದರಿಂದ ಅದು ನೀರನ್ನು ಹೆಚ್ಚು ಹೀರುತ್ತದೆ, ಚಪಾತಿ ಮೃದುವಾಗಿ ಉಳಿಯುತ್ತದೆ. ಇದೇ ಗುಣ ಬ್ರೆಡ್ಡಿನಲ್ಲಿ ಮಾತ್ರ ತೊಡಕು: ಒಳಭಾಗ ಅಂಟಂಟಾಗಬಹುದು.

ಹಾಗಾಗಿ ಗೋಧಿಯ ರುಚಿಯ ಬ್ರೆಡ್ ಬೇಕೆನ್ನುವವರು ಅರ್ಧಕ್ಕರ್ಧ ಬೆರೆಸುವುದೇ ಮೇಲೆಂದು ನನ್ನ ಅನುಭವ. 200 ಗ್ರಾಂ ಗೋಧಿಹಿಟ್ಟನ್ನು 160 ಮಿ.ಲೀ. ನೀರಿನಲ್ಲಿ ಕಲಸಿ ಒಂದು ಗಂಟೆ ನೆನೆಯಲು ಬಿಡಿ. ಹೊಟ್ಟು ನೆನೆದು ಮೆತ್ತಗಾದರೆ ಬಲೆಯನ್ನು ಅಷ್ಟಾಗಿ ಕಡಿಯುವುದಿಲ್ಲ. ಆಮೇಲೆ 200 ಗ್ರಾಂ ಬ್ರೆಡ್ ಹಿಟ್ಟು, 110 ಮಿ.ಲೀ. ನೀರು, 4 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 7 ಗ್ರಾಂ ಉಪ್ಪು, ಒಂದು ಚಮಚ ಎಣ್ಣೆ ಸೇರಿಸಿ ಹತ್ತು ಹನ್ನೆರಡು ನಿಮಿಷ ನಾದಿ. ಚಿಕ್ಕ ತುಂಡನ್ನು ಬೆರಳುಗಳಿಂದ ಹಿಗ್ಗಿಸಿದಾಗ ಹರಿಯದೆ ತೆಳು ಪರದೆಯಂತಾದರೆ ನಾದಿದ್ದು ಸಾಕು. ಬ್ರೆಡ್ ಹಿಟ್ಟು ಸಿಗದಿದ್ದರೆ ಮೈದಾಕ್ಕೆ ಗ್ಲುಟೆನ್ ಪುಡಿ ಬೆರೆಸಬಹುದು: ಪುಡಿಯಲ್ಲಿ ಶೇ 75ರಷ್ಟು ಪ್ರೋಟೀನ್ ಇದ್ದರೆ, ಶೇ 10ರ ಮೈದಾ 194 ಗ್ರಾಂಗೆ 6 ಗ್ರಾಂ ಪುಡಿ ಸೇರಿಸಿದಾಗ ಶೇ 12ರ ಹಿಟ್ಟು ಸಿದ್ಧವಾಗುತ್ತದೆ.

ಈ ಕಣಕ ಎರಡರಷ್ಟಾಗುವ ಮೊದಲೇ, ಒಂದೂಮುಕ್ಕಾಲರಷ್ಟು ಉಬ್ಬಿದಾಗ ಆಕಾರ ಕೊಟ್ಟು, ಟಿನ್ನಿನಲ್ಲಿ ಮತ್ತೊಮ್ಮೆ ಉಬ್ಬಿಸಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ನಿಮಿಷದಷ್ಟು ಬೇಯಿಸಿ. ಓವನ್‌ನಲ್ಲಿ ನೆತ್ತಿ ಕುಸಿದರೆ ಹಿಟ್ಟನ್ನು ದೂರಬೇಕಾಗಿಲ್ಲ. ಟಿನ್ನಿನಲ್ಲಿ ಹೆಚ್ಚು ಹೊತ್ತು ಉಬ್ಬಲು ಬಿಟ್ಟಿರುತ್ತೀರಿ, ಮುಂದಿನ ಸಲ ಹದಿನೈದು ನಿಮಿಷ ಮೊದಲೇ ಒಳಗಿಡಿ.